ಬೇರೆ ಆಫರ್ ಒಪ್ಪಿಕೊಂಡ ಮೇಲೆ ರಿಕ್ರೂಟರ್‌ಗೆ ಬರೆಯುವ ಪತ್ರ: ಯಾವಾಗ, ಯಾರಿಗೆ, ಹೇಗೆ

ಕೆಲವು ವರ್ಷಗಳ ಹಿಂದೆ ನಾನು ಒಬ್ಬ ರಿಕ್ರೂಟರ್‌ಗೆ ಎರಡು ಸಾಲಿನ ಮೇಲ್ ಕಳಿಸಿದ್ದೆ. "ಸದ್ಯಕ್ಕೆ ಸ್ವಲ್ಪ ವೈಯಕ್ತಿಕ ಕಾರಣ ಇದೆ, ಪ್ರಕ್ರಿಯೆಯನ್ನು ಸ್ವಲ್ಪ ದಿನ ತಡೆಹಿಡಿಯಬಹುದಾ" ಅಂತ. ನಿಜ ಏನೆಂದರೆ, ಹಿಂದಿನ ದಿನವೇ ಬೇರೆ ಕಂಪನಿಯ ಆಫರ್‌ಗೆ ಸಹಿ ಹಾಕಿದ್ದೆ. ನೇರವಾಗಿ ಬೇಡ ಅನ್ನೋಕೆ ದಾಕ್ಷಿಣ್ಯ. ಹತ್ತು ದಿನ ಬಿಟ್ಟು ಆ ಕಂಪನಿಯಿಂದ ಆಫರ್ ಲೆಟರ್ ಬಂತು. ನಾನು ಕೇಳಿದ್ದಕ್ಕಿಂತ ಜಾಸ್ತಿ ಸಂಬಳ. ನನಗಾಗಿ ಆ ರಿಕ್ರೂಟರ್ ಮ್ಯಾನೇಜರ್ ಹತ್ತಿರ, ಫೈನಾನ್ಸ್ ಹತ್ತಿರ ಹೋಗಿ ವಿಶೇಷ ಒಪ್ಪಿಗೆ ತಂದಿದ್ದರು. ಆಗ ನಾನು "ಇಲ್ಲ ಮೇಡಂ, ಬೇರೆ ಕಡೆ ಸೇರ್ತಿದ್ದೇನೆ" ಅಂದೆ. ಆ ಕಡೆಯಿಂದ ಒಂದು ಕ್ಷಣ ಮೌನ. ಆಮೇಲೆ, "ಅವತ್ತೇ ಹೇಳಬಹುದಿತ್ತಲ್ವಾ?" ಅಂತ ಒಂದೇ ಪ್ರಶ್ನೆ.

ಹೇಳಬಹುದಿತ್ತು. ಹೇಗೆ ಹೇಳಬೇಕು ಅನ್ನೋದನ್ನು ಆಮೇಲೆ ಕಲಿತೆ. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್‌ಗಳಿಗೆ ಆಗಾಗ ಎದುರಾಗುವ ಸನ್ನಿವೇಶ ಒಂದನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಒಂದು ಕಂಪನಿಯ ಲಿಖಿತ ಆಫರ್ ಒಪ್ಪಿದ್ದೀರಿ. ಇನ್ನೊಂದು ಕಂಪನಿಯಲ್ಲಿ ಎಲ್ಲ ಟೆಕ್ನಿಕಲ್ ರೌಂಡ್ ಮುಗಿದು ಎಚ್‌ಆರ್ ರೌಂಡ್ ಮಾತ್ರ ಉಳಿದಿದೆ. ಆ ಎರಡನೆಯ ಕಂಪನಿಗೆ ಬರೆಯುವ ಪತ್ರ ಇದು.

ಆ ಕಡೆ ಏನು ನಡೆಯುತ್ತಿರುತ್ತೆ

ಇದು ಗೊತ್ತಿದ್ದರೆ ಪತ್ರ ತಾನಾಗಿ ಸರಿಯಾಗುತ್ತೆ. ಕೊನೆಯ ಟೆಕ್ನಿಕಲ್ ರೌಂಡ್ ಮುಗಿದ ಮೇಲೆ ರಿಕ್ರೂಟರ್ ನಿಮ್ಮ ಪೇಸ್ಲಿಪ್ ತರಿಸಿಕೊಂಡು, ಆ ಹುದ್ದೆಗೆ ಇರುವ ಸಂಬಳದ ಮಿತಿಯೊಳಗೆ ನಿಮ್ಮನ್ನು ಎಲ್ಲಿ ಕೂರಿಸಬಹುದು ಅಂತ ನೋಡುತ್ತಾರೆ. ಅದಕ್ಕೆ ಹೈರಿಂಗ್ ಮ್ಯಾನೇಜರ್ ಒಪ್ಪಬೇಕು, ಮಿತಿ ದಾಟಿದರೆ ಮೇಲಿನವರೂ ಒಪ್ಪಬೇಕು. ಇದು ಕೆಲವು ಕಡೆ ಎರಡು ದಿನ, ಕೆಲವು ಕಡೆ ಎರಡು ವಾರ. ಇದೇ ಹೊತ್ತಿನಲ್ಲಿ ಇಂಟರ್‌ವ್ಯೂನಲ್ಲಿ ಎರಡನೆಯ ಸ್ಥಾನದಲ್ಲಿ ನಿಂತ ಇನ್ನೊಬ್ಬರನ್ನು "ಫೀಡ್‌ಬ್ಯಾಕ್ ಇನ್ನೂ ಬಂದಿಲ್ಲ" ಅಂತ ಕಾಯಿಸುತ್ತಿರುತ್ತಾರೆ.

ನಿಮ್ಮ ಪತ್ರ ಆಫರ್ ಹೊರಡುವ ಮೊದಲು ತಲುಪಿದರೆ, ರಿಕ್ರೂಟರ್ ಆ ಎರಡನೆಯವರಿಗೆ ಅವತ್ತೇ ಫೋನ್ ಮಾಡುತ್ತಾರೆ. ಅವರಿಗೆ ಹೆಚ್ಚು ನಷ್ಟವಿಲ್ಲ. ಆಫರ್ ಹೊರಟ ಮೇಲೆ ತಲುಪಿದರೆ, ಅದು "ಆಫರ್ ಕೊಟ್ಟರೂ ಬರಲಿಲ್ಲ" ಅನ್ನುವ ಲೆಕ್ಕಕ್ಕೆ ಸೇರುತ್ತೆ. ಎಷ್ಟು ಆಫರ್ ಕೊಟ್ಟಿರಿ, ಎಷ್ಟು ಜನ ಸೇರಿದರು ಅಂತ ರಿಕ್ರೂಟರ್‌ಗಳನ್ನು ಅಳೆಯುವ ಕಂಪನಿಗಳು ತುಂಬ ಇವೆ. ಆ ಹೊತ್ತಿಗೆ ಎರಡನೆಯವರೂ ಬೇರೆ ಕಡೆ ಹೋಗಿರುತ್ತಾರೆ. ತೊಂಬತ್ತು ದಿನ ನೋಟಿಸ್ ಪೀರಿಯಡ್ ಇರುವ ಈ ಊರಲ್ಲಿ, ಹೊಸಬರನ್ನು ಹುಡುಕಿದರೆ ಅವರು ಸೇರುವುದು ಇನ್ನು ಮೂರು ತಿಂಗಳ ನಂತರ. ಹಾಗಾಗಿ ಪತ್ರದ ಭಾಷೆಗಿಂತ ಅದು ಯಾವ ಹಂತದಲ್ಲಿ ತಲುಪಿತು ಅನ್ನೋದೇ ದೊಡ್ಡದು.

ಹೆಜ್ಜೆ 1: ಕೈಯಲ್ಲಿರುವ ಆಫರ್ ಗಟ್ಟಿ ಇದೆಯಾ ನೋಡಿ

ಬೇಗ ಬರೆಯಬೇಕು ನಿಜ, ಆದರೆ ಫೋನಿನಲ್ಲಿ "ಕಂಗ್ರಾಟ್ಸ್, ನೀವು ಸೆಲೆಕ್ಟ್ ಆಗಿದ್ದೀರಿ" ಅಂದ ತಕ್ಷಣ ಅಲ್ಲ. ಬಾಯಿಮಾತಿನ ಆಫರ್ ನಂಬಿ ಇನ್ನೊಂದು ಕಡೆ ಬೇಡ ಅಂದು, ಆಮೇಲೆ "ಹೈರಿಂಗ್ ಫ್ರೀಜ್ ಆಯ್ತು" ಅನ್ನಿಸಿಕೊಂಡವರನ್ನು ನಾನು ಬಲ್ಲೆ.

ಲೆಟರ್‌ನಲ್ಲಿ ಹುದ್ದೆ, ವಾರ್ಷಿಕ ಸಂಬಳದ ವಿವರ, ಕೆಲಸದ ಊರು, ಸೇರುವ ದಿನಾಂಕ ಇರಬೇಕು. ಸಂಬಳದ ವಿವರದಲ್ಲಿ ಮೂಲವೇತನ, ಪಿಎಫ್, ಗ್ರಾಚ್ಯುಟಿ, ವೇರಿಯಬಲ್ ಬಿಡಿಬಿಡಿಯಾಗಿ ಕಾಣಬೇಕು. ಮಾತಿನಲ್ಲಿ ಹೇಳಿದ ಮೊತ್ತದಲ್ಲಿ ವೇರಿಯಬಲ್ ಎಷ್ಟು ಅಂತ ಗೊತ್ತಾಗುವುದು ಇಲ್ಲೇ. ಸೇರುವ ದಿನಾಂಕ ನಿಮ್ಮ ನೋಟಿಸ್ ಪೀರಿಯಡ್‌ಗೆ ಹೊಂದಬೇಕು. ನೀವು ಸಹಿ ಹಾಕಿ ಕಳಿಸಿ, "ತಲುಪಿತು" ಅಂತ ಅವರಿಂದ ಒಂದು ಮೇಲ್ ಬಂದರೆ ಅಲ್ಲಿಗೆ ಗಟ್ಟಿ.

ಒಂದು ಕೊಂಡಿ ಮಾತ್ರ ಉಳಿದಿರುತ್ತೆ. ಬಹಳಷ್ಟು ಲೆಟರ್‌ಗಳಲ್ಲಿ "ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ಗೆ ಒಳಪಟ್ಟು" ಅಂತ ಒಂದು ಷರತ್ತು ಇರುತ್ತೆ. ನಿಮ್ಮ ದಾಖಲೆಗಳು ಸರಿ ಇದ್ದರೆ ಇದಕ್ಕೆ ಹೆದರಬೇಕಿಲ್ಲ. ಹಳೆಯ ಕಂಪನಿಯ ರಿಲೀವಿಂಗ್ ಲೆಟರ್ ಇಲ್ಲ, ಪಿಎಫ್ ಖಾತೆಯಲ್ಲಿರುವ ತಾರೀಖು ರೆಸ್ಯುಮೆಗೆ ಹೊಂದುತ್ತಿಲ್ಲ ಅನ್ನುವ ತೊಡಕು ಇದ್ದರೆ, ಹೊಸ ಕಂಪನಿಗೆ ಅದನ್ನು ಮೊದಲೇ ತಿಳಿಸಿ. ಇನ್ನೊಂದು ಕಡೆ ಬೇಡ ಅನ್ನುವುದು ಅವರ ಉತ್ತರ ಬಂದ ಮೇಲೆ.

"ಸೇರುವ ದಿನದವರೆಗೂ ಎರಡು ಆಫರ್ ಕೈಯಲ್ಲಿ ಇಟ್ಕೋ" ಅಂತ ಹೇಳುವವರು ಇದ್ದಾರೆ. ಕಂಪನಿಗಳೂ ಸೇರುವ ವಾರದಲ್ಲಿ ಆಫರ್ ವಾಪಸ್ ತೆಗೆದುಕೊಂಡಿದ್ದುಂಟು, ಹಾಗಾಗಿ ಆ ಮಾತಿನ ಹಿಂದಿನ ಭಯ ಸುಳ್ಳಲ್ಲ. ಆದರೂ ಇಲ್ಲಿ ಎರಡನೆಯದು ಇನ್ನೂ ಆಫರ್ ಆಗಿಲ್ಲ. ಅದನ್ನು ಆಫರ್ ಆಗುವವರೆಗೆ ಎಳೆದು ಆಮೇಲೆ ಬೇಡ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಹೆಜ್ಜೆ 2: ಮನಸ್ಸು ಗಟ್ಟಿ ಮಾಡಿ

ಪತ್ರ ಹೋದ ಅರ್ಧ ಗಂಟೆಯಲ್ಲಿ ಫೋನ್ ಬರುತ್ತೆ. "ಎಷ್ಟು ಕೊಟ್ಟಿದ್ದಾರೆ? ನಾವು ಮ್ಯಾಚ್ ಮಾಡ್ತೀವಿ." ಆ ಮಾತಿಗೆ ಮನಸ್ಸು ಬದಲಾಗುವಂತಿದ್ದರೆ ಈಗಲೇ ಪತ್ರ ಬರೆಯಬೇಡಿ. ಆ ಮಾತುಕತೆಯನ್ನು ಮೊದಲನೆಯ ಆಫರ್‌ಗೆ ಸಹಿ ಹಾಕುವ ಮೊದಲೇ ಮುಗಿಸಬೇಕಿತ್ತು. "ನನ್ನ ಹತ್ತಿರ ಒಂದು ಆಫರ್ ಇದೆ, ಮಂಗಳವಾರದೊಳಗೆ ಉತ್ತರ ಕೊಡಬೇಕು, ಅಷ್ಟರಲ್ಲಿ ನಿಮ್ಮ ನಿರ್ಧಾರ ತಿಳಿಯಬಹುದಾ" ಅಂತ ಕೇಳುವುದು ಪೂರ್ತಿ ಮರ್ಯಾದೆಯ ಮಾತು. ಸಹಿ ಹಾಕಿದ ಮೇಲೆ ಅದೇ ಮಾತು ಚೌಕಾಸಿ ಆಗುತ್ತೆ.

ಹೆಜ್ಜೆ 3: ಯಾರ್ಯಾರಿಗೆ ಹೇಳಬೇಕು

ನನ್ನ ಇತ್ತೀಚಿನ ಸಲದ ಉದಾಹರಣೆಯನ್ನೇ ಹೇಳುತ್ತೇನೆ. ಬ್ಯಾಕೆಂಡ್ ಎಂಜಿನಿಯರ್ ಹುದ್ದೆ, ನಾಲ್ಕು ರೌಂಡ್ ಮುಗಿದಿತ್ತು, ಎಚ್‌ಆರ್ ರೌಂಡ್ ಬುಧವಾರ 11 ಗಂಟೆಗೆ. ಶುಕ್ರವಾರ ಸಂಜೆ ಇನ್ನೊಂದು ಕಂಪನಿಯ ಆಫರ್ ಬಂತು. ವಾರಾಂತ್ಯ ಮನೆಯಲ್ಲಿ ಮಾತಾಡಿ ಸೋಮವಾರ ಬೆಳಗ್ಗೆ ಸಹಿ ಹಾಕಿದೆ. ಮಧ್ಯಾಹ್ನ ಎರಡಕ್ಕೆ ಅವರ ಖಚಿತ ಉತ್ತರ ಬಂತು. ನಾಲ್ಕಕ್ಕೆ ಪತ್ರ ಕಳಿಸಿದೆ.

ಆ ಎರಡು ಗಂಟೆಯಲ್ಲಿ ಒಂದು ಫೋನ್ ಮಾಡಿದೆ. ಅಲ್ಲಿ ನನ್ನನ್ನು ರೆಫರ್ ಮಾಡಿದ್ದು ಕಾಲೇಜಿನ ಗೆಳೆಯ. ಅವನಿಗೆ ರಿಕ್ರೂಟರ್ ಬಾಯಿಂದ ಗೊತ್ತಾಗಬಾರದು ಅಲ್ವಾ? ನಾನು ಸೇರಿದರೆ ಅವನಿಗೆ ರೆಫರಲ್ ಬೋನಸ್ ಬರುತ್ತಿತ್ತು, ಅದೂ ಹೋಯಿತು. "ಹೋಗ್ಲಿ ಬಿಡೋ, ಮೇಲ್‌ನಲ್ಲಿ ನನ್ನ ಹೆಸರು ಎಳೀಬೇಡ ಅಷ್ಟೇ" ಅಂದ. ಎಳೆಯಲಿಲ್ಲ.

ಪತ್ರ ಹೋಗಬೇಕಾದದ್ದು ನಿಮ್ಮ ಜೊತೆ ಇಂಟರ್‌ವ್ಯೂ ಸಮಯ ನಿಗದಿ ಮಾಡುತ್ತಿದ್ದ ರಿಕ್ರೂಟರ್‌ಗೆ. ಹೊಸ ಮೇಲ್ ತೆಗೆಯಬೇಡಿ. ಬುಧವಾರದ ರೌಂಡ್ ಬಗ್ಗೆ ಮಾತಾಡುತ್ತಿದ್ದ ಅದೇ ಮೇಲ್ ಸರಣಿಗೆ ಉತ್ತರ ಕೊಡಿ, ವಿಷಯದ ಸಾಲನ್ನು ಮಾತ್ರ ಬದಲಿಸಿ. ಒಬ್ಬೊಬ್ಬ ರಿಕ್ರೂಟರ್ ಕೈಯಲ್ಲಿ ಹತ್ತಾರು ಹುದ್ದೆಗಳಿರುತ್ತವೆ, ಹಳೆಯ ಸರಣಿ ನೋಡಿದರೆ ನೀವು ಯಾರು ಅಂತ ತಕ್ಷಣ ಗೊತ್ತಾಗುತ್ತೆ. ಹೈರಿಂಗ್ ಮ್ಯಾನೇಜರ್‌ಗೆ ಬೇರೆಯಾಗಿ ಬರೆಯುವುದು ಅವರು ನಿಮಗೆ ಮೊದಲು ನೇರವಾಗಿ ಮೇಲ್ ಮಾಡಿದ್ದರೆ ಮಾತ್ರ.

ನಡುವೆ ಕನ್ಸಲ್ಟೆನ್ಸಿ ಇದ್ದರೆ ಲೆಕ್ಕ ಬೇರೆ. ಸಾಮಾನ್ಯವಾಗಿ ಅವರಿಗೆ ದುಡ್ಡು ಸಿಗುವುದು ನೀವು ಸೇರಿದ ಮೇಲೆ, ನಿಮ್ಮ ವಾರ್ಷಿಕ ಸಂಬಳದ ಇಷ್ಟು ಶೇಕಡಾ ಅಂತ. ನೀವು ಬೇಡ ಅಂದರೆ ಅವರಿಗೆ ಏನೂ ಇಲ್ಲ. ಹಾಗಾಗಿ ಕೆಲವರು ನಿಮ್ಮ ಮೇಲನ್ನು ಕಂಪನಿಗೆ ದಾಟಿಸದೆ, "ಇನ್ನೊಂದ್ಸಲ ಯೋಚನೆ ಮಾಡಿ" ಅಂತ ನಾಲ್ಕು ದಿನ ಫೋನ್ ಮಾಡುತ್ತಾ ಇರುತ್ತಾರೆ. ಅಷ್ಟರಲ್ಲಿ ಕಂಪನಿ ಆಫರ್ ಹೊರಡಿಸಿಬಿಡುತ್ತೆ, ಕೆಟ್ಟ ಹೆಸರು ನಿಮಗೆ. ಪತ್ರ ಕನ್ಸಲ್ಟೆಂಟ್ ಹೆಸರಿಗೇ ಇರಲಿ. ಕಂಪನಿಯ ಎಚ್‌ಆರ್ ನಿಮಗೆ ಒಮ್ಮೆಯಾದರೂ ಮೇಲ್ ಮಾಡಿದ್ದರೆ ಅವರನ್ನೂ ಸಿಸಿಯಲ್ಲಿ ಸೇರಿಸಿ.

ಹೆಜ್ಜೆ 4: ಪತ್ರ

ಕಳಿಸುವ ಮೇಲ್ ಇಂಗ್ಲಿಷಿನಲ್ಲೇ ಇರುತ್ತೆ, ಗೊತ್ತು. ಆದರೆ ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ. ಇಂಗ್ಲಿಷಿನಲ್ಲಿ ಶುರು ಮಾಡಿದರೆ ಶಾಲೆಯಲ್ಲಿ ಕಲಿತ ರಜೆ ಅರ್ಜಿಯ ಭಾಷೆ ಬಂದುಬಿಡುತ್ತೆ, "ಕೈಂಡ್ಲಿ ಡೂ ದ ನೀಡ್‌ಫುಲ್" ತನಕ ಹೋಗಿ ನಿಲ್ಲುತ್ತೆ. ನಾನು ಕಳಿಸಿದ್ದು ಹೆಚ್ಚುಕಡಿಮೆ ಹೀಗಿತ್ತು. ಸಾಲಿಗೆ ಸಾಲು ನಿಮ್ಮ ಇಂಗ್ಲಿಷಿಗೆ ಬದಲಿಸಿಕೊಳ್ಳಿ.

> ವಿಷಯ: ನನ್ನ ಅರ್ಜಿ ಹಿಂದಕ್ಕೆ ಪಡೆಯುತ್ತಿದ್ದೇನೆ – ಬ್ಯಾಕೆಂಡ್ ಎಂಜಿನಿಯರ್, ಹುದ್ದೆ ಸಂಖ್ಯೆ (ಇಲ್ಲಿ ಸಂಖ್ಯೆ) – (ನಿಮ್ಮ ಪೂರ್ತಿ ಹೆಸರು)
>
> ನಮಸ್ಕಾರ (ರಿಕ್ರೂಟರ್ ಹೆಸರು),
>
> ಬ್ಯಾಕೆಂಡ್ ಎಂಜಿನಿಯರ್ ಹುದ್ದೆಗೆ ಸಲ್ಲಿಸಿದ್ದ ನನ್ನ ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಇನ್ನೊಂದು ಕಂಪನಿಯ ಆಫರ್ ಅನ್ನು ಇಂದು ಲಿಖಿತವಾಗಿ ಒಪ್ಪಿಕೊಂಡಿದ್ದೇನೆ. ಇದು ನನ್ನ ಅಂತಿಮ ನಿರ್ಧಾರ.
>
> ಬುಧವಾರ 11 ಗಂಟೆಗೆ ಗೊತ್ತುಮಾಡಿದ್ದ ಎಚ್‌ಆರ್ ರೌಂಡ್ ಅನ್ನು ದಯವಿಟ್ಟು ರದ್ದು ಮಾಡಿ. ಆಫರ್‌ಗೆ ಒಪ್ಪಿಗೆ ಪಡೆಯುವ ಕೆಲಸ ಶುರುವಾಗಿದ್ದರೆ ಅದನ್ನೂ ನಿಲ್ಲಿಸಬಹುದು.
>
> ನಾಲ್ಕು ರೌಂಡ್‌ಗಳನ್ನು ನನ್ನ ಆಫೀಸ್ ಸಮಯಕ್ಕೆ ಹೊಂದಿಸಿಕೊಟ್ಟಿದ್ದಕ್ಕೆ ಧನ್ಯವಾದ. ಸಿಸ್ಟಂ ಡಿಸೈನ್ ರೌಂಡ್‌ನಲ್ಲಿ, ಒಂದೇ ಪಾವತಿ ಎರಡು ಸಲ ದಾಖಲಾಗದಂತೆ ತಡೆಯುವುದು ಹೇಗೆ ಅನ್ನುವ ಚರ್ಚೆ ನನಗೆ ನಿಜಕ್ಕೂ ಉಪಯೋಗವಾಯಿತು. ಇಂಟರ್‌ವ್ಯೂ ಮಾಡಿದವರಿಗೆ ಇದನ್ನು ತಿಳಿಸಿದರೆ ಸಂತೋಷ.
>
> ನಾನು ಕಳಿಸಿದ್ದ ಮೂರು ತಿಂಗಳ ಪೇಸ್ಲಿಪ್ ಮತ್ತು ಫಾರ್ಮ್ 16 ಇನ್ನು ಬೇಕಾಗುವುದಿಲ್ಲ. ಅವನ್ನು ಅಳಿಸಿ ತಿಳಿಸಿದರೆ ಉಪಕಾರವಾಗುತ್ತದೆ.
>
> ಇಂತಿ,
> (ಹೆಸರು, ಫೋನ್ ಸಂಖ್ಯೆ)

ಮೊದಲ ವಾಕ್ಯದಲ್ಲೇ ನಿರ್ಧಾರ ಇದೆ, ನೋಡಿ. ನಮ್ಮ ಅಭ್ಯಾಸ ಮೊದಲು ಕುಶಲ, ಆಮೇಲೆ ಕೃತಜ್ಞತೆ, ಕೊನೆಗೆ ಮೆಲ್ಲಗೆ ವಿಷಯ. ಎದುರಿಗೆ ಕೂತು ಮಾತಾಡುವಾಗ ಅದು ಚೆಂದ. ಮೇಲ್‌ನಲ್ಲಿ ರಿಕ್ರೂಟರ್ ಫೋನಿನ ಪರದೆ ಮೇಲೆ ಎರಡು ಸಾಲು ಓದಿ "ಥ್ಯಾಂಕ್ಸ್ ಮೇಲ್ ಇರಬೇಕು" ಅಂತ ಮುಚ್ಚಿಬಿಡುತ್ತಾರೆ.

"ಹಿಂದಕ್ಕೆ ಪಡೆಯುತ್ತಿದ್ದೇನೆ" ಅನ್ನುವ ಪದಕ್ಕೂ ಕೆಲಸ ಇದೆ. ಇಂಗ್ಲಿಷಿನಲ್ಲಿ ಬರೆಯುವಾಗ "ವಿತ್‌ಡ್ರಾ" ಅನ್ನುವ ಪದವನ್ನೇ ಬಳಸಿ. ಅಭ್ಯರ್ಥಿಗಳ ಲೆಕ್ಕ ಇಡುವ ತಂತ್ರಾಂಶದಲ್ಲಿ ನಿಮ್ಮ ಕಡತ ಮುಚ್ಚುವಾಗ ರಿಕ್ರೂಟರ್ ಒಂದು ಕಾರಣ ಆರಿಸಬೇಕು. ಉದಾಹರಣೆಗೆ Greenhouse ಅನ್ನುವ ತಂತ್ರಾಂಶದಲ್ಲಿ ಕಾರಣಗಳು "We rejected them" ಮತ್ತು "They rejected us" ಅನ್ನುವ ಗುಂಪುಗಳಲ್ಲಿ ಇರುತ್ತವೆ. ನೀವು ಸುಮ್ನೆ ಫೋನ್ ಎತ್ತದೆ ಕೂತರೆ, ಅಥವಾ ನನ್ನ ಹಾಗೆ ಮಸುಕಾಗಿ ಬರೆದರೆ, ಯಾವ ಗುಂಪಿಗೆ ಬೀಳುತ್ತೀರಿ ಅಂತ ಹೇಳೋಕಾಗಲ್ಲ. ಎರಡು ವರ್ಷ ಬಿಟ್ಟು ಅದೇ ಕಂಪನಿಗೆ ಅರ್ಜಿ ಹಾಕಿದಾಗ ಹೊಸ ರಿಕ್ರೂಟರ್ ಮೊದಲು ನೋಡುವುದು ಆ ಹಳೆಯ ದಾಖಲೆಯನ್ನೇ.

ಕಾರಣ ಒಂದೇ ವಾಕ್ಯ ಸಾಕು. ಹೊಸ ಕಂಪನಿಯ ಹೆಸರು ಬೇಡ, ಸಂಬಳ ಬೇಡ. ಸಂಬಳ ಬರೆದರೆ ಅದನ್ನು ಮೀರಿಸಿ ಅಂತ ಕರೆ ಕೊಟ್ಟ ಹಾಗೆ. "ಅಪ್ಪನಿಗೆ ಹುಷಾರಿಲ್ಲ, ಊರಿಗೆ ಹೋಗಬೇಕು" ಅನ್ನುವಂಥ ಸುಳ್ಳಂತೂ ಬೇಡವೇ ಬೇಡ. ಮೂರು ತಿಂಗಳಲ್ಲಿ ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಹೊಸ ಕೆಲಸ ಕಾಣಿಸುತ್ತೆ, ಆ ರಿಕ್ರೂಟರ್ ನಿಮ್ಮ ಕನೆಕ್ಷನ್ ಆಗಿಯೇ ಇರುತ್ತಾರೆ.

ಧನ್ಯವಾದದ ಜಾಗದಲ್ಲಿ ಒಂದು ನಿಜವಾದ ಸಂಗತಿ ಇರಲಿ. "ಅಮೂಲ್ಯ ಸಮಯ ಕೊಟ್ಟಿದ್ದಕ್ಕೆ" ಅಂತ ಎಲ್ಲರೂ ಬರೆಯುತ್ತಾರೆ. ನೆನಪಾಗುವಂಥದ್ದು ಏನೂ ಇಲ್ಲದಿದ್ದರೆ ಬರೀ ಧನ್ಯವಾದ ಅಂದರೂ ಆಯ್ತು. ಕ್ಷಮೆ ಕೇಳಬೇಕಾ? ಆಫರ್ ಹೊರಡುವ ಮೊದಲಾದರೆ ಬೇಡ ಅಂತ ನನ್ನ ಅಭಿಪ್ರಾಯ. ನೀವು ತಪ್ಪೇನೂ ಮಾಡಿಲ್ಲ.

ಪೇಸ್ಲಿಪ್ ಸಾಲನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನಿಮ್ಮ ಪ್ಯಾನ್ ಸಂಖ್ಯೆ, ಬ್ಯಾಂಕ್ ಖಾತೆ, ಸಂಬಳ ಎಲ್ಲ ಅದರಲ್ಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಪ್ಪಿಗೆ ಹಿಂಪಡೆಯುವ, ಮಾಹಿತಿ ಅಳಿಸಲು ಕೇಳುವ ಹಕ್ಕು ಇದೆ. ಪತ್ರದಲ್ಲಿ ಕಾಯ್ದೆಯ ಹೆಸರು ಎತ್ತುವುದು ಬೇಡ, ಜಗಳದ ದನಿ ಬರುತ್ತೆ. ಮೆತ್ತಗೆ ಕೇಳಿ. ನನಗೆ ಉತ್ತರ ಬಂದದ್ದು ಹನ್ನೆರಡು ದಿನ ಬಿಟ್ಟು, ಆದರೆ ಬಂತು.

ಹೆಜ್ಜೆ 5: ಫೋನ್ ಬಂದಾಗ

ಎತ್ತಿ. ಎತ್ತದಿದ್ದರೆ ಪತ್ರದ ಅರ್ಧ ಬೆಲೆ ಹೋಯಿತು. ನನ್ನ ಮಾತುಕತೆ ಎರಡೇ ನಿಮಿಷದ್ದು.

"ಯಾವ ಕಂಪನಿ ಅಂತ ಕೇಳಬಹುದಾ?"

"ಸೇರಿದ ಮೇಲೆ ಖಂಡಿತ ಹೇಳ್ತೀನಿ ಮೇಡಂ, ಈಗ ಬೇಡ."

"ಸಂಬಳದ ವಿಷಯ ಆದ್ರೆ ನಾನು ಮ್ಯಾನೇಜರ್ ಹತ್ರ ಮಾತಾಡ್ತೀನಿ."

"ಅಲ್ಲಿ ಸಹಿ ಹಾಕಿಬಿಟ್ಟಿದ್ದೀನಿ. ಈಗ ನೀವು ಜಾಸ್ತಿ ಕೊಟ್ಟು ನಾನು ಬಂದ್ರೂ, ನಾಳೆ ನಿಮ್ಮನ್ನೂ ಹೀಗೇ ಬಿಡ್ತೀನಿ ಅಂತ ನಿಮಗೆ ಅನ್ಸುತ್ತೆ."

ಅವರು ನಕ್ಕರು. ಆಮೇಲೆ ಒಂದು ಪ್ರಶ್ನೆ ಕೇಳಿದರು: ನಮ್ಮ ಪ್ರಕ್ರಿಯೆ ನಿಧಾನ ಆಯ್ತಾ? ಹೌದು, ಮೂರನೆಯ ಮತ್ತು ನಾಲ್ಕನೆಯ ರೌಂಡ್ ನಡುವೆ ಹದಿನಾರು ದಿನ ಆಯ್ತು ಅಂತ ಹೇಳಿದೆ. ಇಂಥದ್ದನ್ನು ಪತ್ರದಲ್ಲಿ ಬರೆದರೆ ದೂರಿನ ಹಾಗಿರುತ್ತೆ. ಕೇಳಿದಾಗ ಹೇಳಿದರೆ ಅವರಿಗೆ ಕೆಲಸಕ್ಕೆ ಬರುತ್ತೆ.

ಹೆಜ್ಜೆ 6: ಪತ್ರ ನಿಜಕ್ಕೂ ತಲುಪಿತಾ?

ಉತ್ತರ ಬರದಿದ್ದರೆ ಸುಳಿವುಗಳನ್ನು ನೋಡಿ. ಬುಧವಾರದ ಮೀಟಿಂಗ್ ಇನ್ನೂ ಕ್ಯಾಲೆಂಡರ್‌ನಲ್ಲಿ ಇದೆಯಾ? ವೆರಿಫಿಕೇಶನ್ ಕಂಪನಿಯಿಂದ "ದಾಖಲೆ ಅಪ್‌ಲೋಡ್ ಮಾಡಿ" ಅಂತ ಲಿಂಕ್ ಬಂತಾ? ಹಾಗಿದ್ದರೆ ನಿಮ್ಮ ಮೇಲ್ ಯಾರೂ ಓದಿಲ್ಲ, ಅಥವಾ ಓದಿದವರು ಮುಂದೆ ದಾಟಿಸಿಲ್ಲ. ಮೀಟಿಂಗ್ ಅನ್ನು ನೀವೇ ಡಿಕ್ಲೈನ್ ಮಾಡಿ, ಅದರ ಟಿಪ್ಪಣಿಯಲ್ಲಿ "ಸೋಮವಾರದ ಮೇಲ್ ನೋಡಿ" ಅಂತ ಬರೆಯಿರಿ. ಒಂದು ಕೆಲಸದ ದಿನ ಕಳೆದರೂ ಸದ್ದಿಲ್ಲದಿದ್ದರೆ ನೀವೇ ಫೋನ್ ಮಾಡಿ. ವೆರಿಫಿಕೇಶನ್ ಲಿಂಕ್ ಅನ್ನು ಮಾತ್ರ ತೆರೆದು ತುಂಬಬೇಡಿ.

ಕಂಪನಿ Workday ಬಳಸುತ್ತಿದ್ದರೆ, ನೀವು ಅರ್ಜಿ ಹಾಕಿದ ಖಾತೆಗೆ ಹೋಗಿ ಅಲ್ಲೇ `Withdraw Application` ಒತ್ತುವ ಅವಕಾಶ ಇರುತ್ತೆ. ಮೇಲ್ ಕಳಿಸಿದ ಮೇಲೆ ಒತ್ತಿ, ಮೊದಲೇ ಅಲ್ಲ. ಮಾತಿಲ್ಲದೆ ಬಟನ್ ಒತ್ತಿ ಹೋದರೆ ಬಾಗಿಲು ಬಡಿದು ಹೋದ ಹಾಗಿರುತ್ತೆ.

ಅಸೈನ್‌ಮೆಂಟ್ ಕೋಡ್ ಬರೆದು ಕೊಟ್ಟಿದ್ದರೆ, ಆ ರೆಪೊಸಿಟರಿಯಿಂದ ಅವರ ಪ್ರವೇಶ ತೆಗೆದುಬಿಡಿ. ಪಬ್ಲಿಕ್ ಆಗಿ ಇಟ್ಟಿದ್ದರೆ ಪ್ರೈವೇಟ್ ಮಾಡಿ. ಅದು ಅವರ ಪ್ರಶ್ನೆ, ಮುಂದಿನವರಿಗೂ ಅದನ್ನೇ ಕೊಡುತ್ತಾರೆ.

ಆಗಲೇ ಅವರ ಆಫರ್‌ಗೂ ಸಹಿ ಹಾಕಿದ್ದರೆ

ಆಗ ಇದು ಅರ್ಜಿ ಹಿಂದಕ್ಕೆ ಪಡೆಯುವ ವಿಷಯವೇ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ, ನಿಮ್ಮ ಒಪ್ಪಿಗೆ ಅವರಿಗೆ ತಿಳಿದ ಮೇಲೆ ಅದನ್ನು ಸುಮ್ನೆ ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ, ಅದು ಕರಾರು. ಬಂದು ಕೆಲಸ ಮಾಡಲೇಬೇಕು ಅಂತ ಕೋರ್ಟು ಬಲವಂತ ಮಾಡುವುದಿಲ್ಲ, ಆದರೆ ಲೆಟರ್‌ನಲ್ಲಿ ದುಡ್ಡಿನ ಷರತ್ತು ಇದ್ದರೆ ಅದು ಬೇರೆ ಮಾತು. ನೋಟಿಸ್ ಬೈಔಟ್‌ಗೆ, ಊರು ಬದಲಾಯಿಸುವುದಕ್ಕೆ ಮುಂಗಡ ಕೊಟ್ಟಿದ್ದಾರಾ, ಲ್ಯಾಪ್‌ಟಾಪ್ ಮನೆಗೆ ಬಂದಿದೆಯಾ ನೋಡಿ. ಬಂದಿದ್ದರೆ ಪತ್ರದಲ್ಲೇ ವಾಪಸ್ ಮಾಡುವ ದಿನಾಂಕ ಬರೆಯಿರಿ. ಮೇಲ್‌ಗಿಂತ ಮೊದಲು ಫೋನ್ ಮಾಡಿ. ಇಲ್ಲಿ ಕ್ಷಮೆ ಕೇಳಬೇಕು, ಒಂದೇ ಸಲ, ನೇರವಾಗಿ. ಷರತ್ತಿನ ಮೊತ್ತ ದೊಡ್ಡದಿದ್ದರೆ ಪತ್ರಕ್ಕೆ ಮೊದಲು ವಕೀಲರೊಬ್ಬರಿಗೆ ಲೆಟರ್ ತೋರಿಸಿ.

ಕೊನೆಗೆ ಉಳಿದದ್ದು ನೌಕ್ರಿ ಪ್ರೊಫೈಲ್. ಅಲ್ಲಿ "ಕೆಲಸ ಹುಡುಕುತ್ತಿದ್ದೇನೆ, ಕೊನೆಯ ದಿನ ಇಂಥದ್ದು" ಅಂತ ಹಾಗೇ ಬಿಟ್ಟರೆ, ನೋಟಿಸ್ ಪೀರಿಯಡ್ ಮುಗಿಯುವವರೆಗೂ ದಿನಕ್ಕೆ ನಾಲ್ಕು ಫೋನ್ ಬರುತ್ತವೆ. ಅದರಲ್ಲಿ ಒಂದು ನೀವು ಈಗಷ್ಟೇ ಬೇಡ ಅಂದ ಕಂಪನಿಯ ಇನ್ನೊಬ್ಬ ರಿಕ್ರೂಟರ್‌ದು ಆಗಿರಬಹುದು. ನನಗೆ ಹಾಗೇ ಆಯ್ತು.